ಸಾಕ್ಷಿಯ ಹೇಳಿಕೆಯಲ್ಲಿ ಸಾಕ್ಷಿ ಎಲ್ಲಿ?

“ಸದರಿ ದಿನದಂದು ಆಪರೇಟರ್ ರವರು ಎಂದಿನಂತೆ ಮದ್ಯಪಾನ ಮಾಡಿ ಕೆಲಸಕ್ಕೆ ಹಾಜರಾಗಿ, ಮೇಲ್ವಿಚಾರಕರ ಆದೇಶವನ್ನು ಧಿಕ್ಕರಿಸಿ, ಅವಾಚ್ಯ ಶಬ್ದಗಳಿಂದ ನಿಂದಿಸಿ, ಉದ್ದೇಶಪೂರ್ವಕವಾಗಿ ಹಲ್ಲೆ ನಡೆಸಿ ಕಾರ್ಖಾನೆಯ ಶಿಸ್ತಿಗೆ ಭಂಗ ತಂದಿರುತ್ತಾರೆ.”

ಕಾರ್ಖಾನೆ, ಬ್ಯಾಂಕು, ಬಸ್ ಡಿಪೊ, ಸಹಕಾರ ಸಂಘ, ಎಲ್ಲಿಯ ಇಲಾಖಾ ವಿಚಾರಣೆಯ ಕಡತ ಬಿಚ್ಚಿದರೂ ಇಂಥದೊಂದು ವಾಕ್ಯ ಸಿಕ್ಕೇ ಸಿಗುತ್ತದೆ. ಮೇಲೆ ‘ಸಾಕ್ಷಿ ಹೇಳಿಕೆ’ ಎಂಬ ತಲೆಬರಹ, ಕೆಳಗೆ ಯಾರೋ ಹೆಲ್ಪರ್‌ನ ವಕ್ರವಕ್ರ ಸಹಿ. ನಡುವಿನ ಆ ಗಂಭೀರ ಗ್ರಾಂಥಿಕ ಕನ್ನಡವನ್ನು ಆ ಹೆಲ್ಪರ್ ತನ್ನ ಜನ್ಮದಲ್ಲೇ ಆಡಿದವನಲ್ಲ. ಅದನ್ನು ಬರೆದವರು ಟೈಮ್ ಆಫೀಸಿನವರೋ ಪರ್ಸನಲ್ ವಿಭಾಗದವರೋ ಆಗಿರುತ್ತಾರೆ. ಅವರು ಘಟನೆ ನಡೆದಾಗ ಅಲ್ಲಿರಲೇ ಇಲ್ಲ.

ವಾಕ್ಯವನ್ನು ಇನ್ನೊಮ್ಮೆ ಓದಿ. ಕುಡಿದಿದ್ದ, ದಿನಾ ಕುಡಿಯುತ್ತಾನೆ, ಆದೇಶ ಮೀರಿದ, ಬೈದ, ಹೊಡೆದ, ಬೇಕೆಂದೇ ಹೊಡೆದ, ಶಿಸ್ತು ಕೆಡಿಸಿದ. ಒಂದೇ ಉಸಿರಿನಲ್ಲಿ ಏಳು ತೀರ್ಮಾನಗಳು. ಆದರೆ ಸಾಕ್ಷಿ ಎಲ್ಲಿ ನಿಂತಿದ್ದ, ಆಗ ಎಷ್ಟು ಹೊತ್ತಾಗಿತ್ತು, ಅವನ ಕಣ್ಣಿಗೆ ಬಿದ್ದದ್ದೇನು, ಕಿವಿಗೆ ಬಿದ್ದ ಮಾತು ಯಾವುದು, ಒಂದಕ್ಕೂ ಉತ್ತರವಿಲ್ಲ. ತೀರ್ಮಾನ ಕೊಡುವುದು ವಿಚಾರಣಾಧಿಕಾರಿಯ ಕೆಲಸ. ಅದನ್ನು ಸಾಕ್ಷಿಯ ಬಾಯಲ್ಲಿ ಮೊದಲೇ ಹೇಳಿಸಿಬಿಟ್ಟರೆ ವಿಚಾರಣೆಗೆ ಉಳಿಯುವುದೇನು?

ಉಳಿಯುವುದು ಪಾಟಿ ಸವಾಲು. ಆಪಾದಿತ ನೌಕರನ ಪರವಾಗಿ ಬಂದ ಸಹೋದ್ಯೋಗಿ, ಸಾಮಾನ್ಯವಾಗಿ ಯೂನಿಯನ್ನಿನ ಅನುಭವಸ್ಥ, ಎದ್ದು ನಿಂತು ಮೊದಲು ಕೇಳುವುದೇ “ಉದ್ದೇಶಪೂರ್ವಕ ಅಂದರೆ ಏನಪ್ಪಾ?” ಎಂದು. ಹೆಲ್ಪರ್ ತಡವರಿಸುತ್ತಾನೆ. “ಅವನು ಅಂದ ಅವಾಚ್ಯ ಶಬ್ದ ಯಾವುದು, ಹೇಳು.” ಸಾಕ್ಷಿ ಅತ್ತಿತ್ತ ನೋಡುತ್ತಾನೆ. “ಎಂದಿನಂತೆ ಕುಡಿದು ಬರ್ತಾನೆ ಅಂತ ಬರೆದಿದೀಯ. ಹಿಂದೆ ಯಾವತ್ತು ನೋಡಿದ್ದೆ? ಆಗ ಯಾರಿಗೆ ಹೇಳಿದ್ದೆ?” ನಾಲ್ಕನೆಯ ಪ್ರಶ್ನೆಗೆ ಸಾಕ್ಷಿ ನಿಜ ಹೇಳಿಬಿಡುತ್ತಾನೆ: “ಸಾರ್, ಅವರು ಬರೆದ್ರು, ನಾನು ಸಹಿ ಹಾಕಿದೆ.” ಅಲ್ಲಿಗೆ ಆ ಕಾಗದದ ಬೆಲೆ ಮುಗಿಯಿತು. ಅವನು ನಿಜವಾಗಿ ಕಂಡಿದ್ದ ಎರಡು ಮೂರು ಸಂಗತಿಗಳೂ ಅದರ ಜೊತೆಗೇ ಕೊಚ್ಚಿಹೋಗುತ್ತವೆ. ನನ್ನ ಮಟ್ಟಿಗೆ ದೊಡ್ಡ ನಷ್ಟ ಇದೇ.

ಕಾನೂನು ಈ ಕಾಗದವನ್ನು ಹೇಗೆ ಕಾಣುತ್ತದೆ ಎಂಬುದನ್ನು ಮೊದಲು ನೋಡೋಣ. ಹೇಳಿಕೆ ಹೇಗೆ ಬರೆಯಬೇಕೆಂಬ ನಿಯಮಗಳ ಬೇರು ಅಲ್ಲಿದೆ.

ಇಲಾಖಾ ವಿಚಾರಣೆ ನ್ಯಾಯಾಲಯವಲ್ಲ. ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟು ಇದಕ್ಕೆ ಅನ್ವಯಿಸುವುದಿಲ್ಲ. ಆರೋಪ ಸಂಶಯಾತೀತವಾಗಿ ರುಜುವಾತಾಗಬೇಕೆಂದಿಲ್ಲ, ಹೀಗೆಯೇ ನಡೆದಿರುವ ಸಂಭವ ಹೆಚ್ಚು ಎಂದು ಕಂಡರೆ ಸಾಕು. ಹರಿಯಾಣದ ಬಸ್ ಕಂಡಕ್ಟರ್ ರತ್ತನ್ ಸಿಂಗ್ ಪ್ರಕರಣದಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ತನಿಖಾ ದಳದವರು ಪ್ರಯಾಣಿಕರ ಹೇಳಿಕೆ ಬರೆದುಕೊಂಡಿರಲಿಲ್ಲ, ಅವರನ್ನು ಸಾಕ್ಷಿಗಳಾಗಿಯೂ ಕರೆಸಿರಲಿಲ್ಲ. ಅಷ್ಟರಿಂದಲೇ ವಿಚಾರಣೆ ಬಿದ್ದುಹೋಗದು, ನಂಬಲು ಅರ್ಹವಾಗಿದ್ದರೆ ಕೇಳಿ ತಿಳಿದ ಮಾತನ್ನೂ ಪರಿಗಣಿಸಬಹುದು ಎಂದಿತು ನ್ಯಾಯಾಲಯ. ಈ ತೀರ್ಪನ್ನು ಹಿಡಿದುಕೊಂಡು ‘ಹೇಗೆ ಬರೆದರೂ ನಡೆಯುತ್ತದೆ’ ಎಂದು ತಿಳಿದ ಆಡಳಿತ ವರ್ಗದವರು ಬಹಳ. ಅದೇ ಸುಪ್ರೀಂ ಕೋರ್ಟು ಪಂಜಾಬ್ ನ್ಯಾಷನಲ್ ಬ್ಯಾಂಕಿನ ನೌಕರ ರೂಪ್ ಸಿಂಗ್ ನೇಗಿ ಪ್ರಕರಣದಲ್ಲಿ ಹೇಳಿದ್ದನ್ನು ಅವರು ಓದಿರುವುದಿಲ್ಲ. ಕಾಗದವನ್ನು ಕಡತಕ್ಕೆ ಸೇರಿಸಿದ ಮಾತ್ರಕ್ಕೆ ಅದರಲ್ಲಿರುವುದು ರುಜುವಾತಾಗುವುದಿಲ್ಲ, ಅದನ್ನು ಬಲ್ಲವರು ಬಂದು ಹೇಳಬೇಕು ಎಂಬುದು ಆ ತೀರ್ಪಿನ ಸಾರ.

ನಮ್ಮ ರಾಜ್ಯದ್ದೇ ಒಂದು ತೀರ್ಪು ಇದಕ್ಕೆ ಹೆಚ್ಚು ಹತ್ತಿರದ್ದು. ಮೈಸೂರು ರಾಜ್ಯ ವಿರುದ್ಧ ಶಿವಬಸಪ್ಪ ಶಿವಪ್ಪ ಮಾಕಾಪುರ ಎಂಬ, 1963ರ ವರದಿಗಳಲ್ಲಿ ಪ್ರಕಟವಾದ ಪ್ರಕರಣ ಅದು. ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಒಬ್ಬರ ಮೇಲಿನ ವಿಚಾರಣೆಯಲ್ಲಿ, ಸಾಕ್ಷಿಗಳು ಅವರ ಬೆನ್ನ ಹಿಂದೆ ಮೊದಲೇ ಕೊಟ್ಟಿದ್ದ ಹೇಳಿಕೆಗಳನ್ನು ಬಳಸಿಕೊಳ್ಳಬಹುದೇ ಎಂಬ ಪ್ರಶ್ನೆ ಬಂತು. ಎಲ್ಲವನ್ನೂ ಆಪಾದಿತನ ಎದುರಿನಲ್ಲಿ ಮತ್ತೆ ಒಂದೊಂದೇ ಮಾತಾಗಿ ಹೇಳಿಸಬೇಕಾಗಿಲ್ಲ ಎಂದಿತು ಸುಪ್ರೀಂ ಕೋರ್ಟು. ಸಾಕ್ಷಿಯನ್ನು ಕರೆಸಿ, ಹಳೆಯ ಹೇಳಿಕೆಯನ್ನು ಅವನಿಗೆ ಓದಿ ಹೇಳಿ, ‘ಹೌದು, ಇದು ನನ್ನದೇ’ ಎಂದು ಅವನು ಒಪ್ಪಿದರೆ, ಆಪಾದಿತನಿಗೆ ಅದರ ಪ್ರತಿ ಕೊಟ್ಟು ಪಾಟಿ ಸವಾಲಿಗೆ ಅವಕಾಶ ಕೊಟ್ಟರೆ ಸಾಕು. ಅದೇ ಹೊತ್ತಿನ ಕೇಸೋರಾಂ ಕಾಟನ್ ಮಿಲ್ಸ್ ಪ್ರಕರಣದಲ್ಲಿ, ಪ್ರತಿಯನ್ನು ವಿಚಾರಣೆಗೆ ಎರಡು ದಿನವಾದರೂ ಮುಂಚೆ ಕೊಡಬೇಕು ಎಂಬ ಮಾತೂ ಬಂತು.

ಇದರಿಂದ ತಿಳಿಯುವುದು ಇಷ್ಟು. ಹೇಳಿಕೆಯನ್ನು ಒಂದು ದಿನ ಸಾಕ್ಷಿಯ ಮುಂದೆ, ಅವನನ್ನು ಬೀಳಿಸಲು ಕಾದಿರುವವನ ಎದುರಿಗೇ, ಗಟ್ಟಿಯಾಗಿ ಓದುತ್ತಾರೆ. ಆಗ ಅವನು ತಡವರಿಸದೆ ‘ನನ್ನದೇ’ ಎನ್ನಬೇಕು. ಕಾಲಕ್ರಮ, ‘ನಾನು’ ಎಂಬ ನಿರೂಪಣೆ, ಬರೀ ಸಂಗತಿ, ಅಭಿಪ್ರಾಯಕ್ಕೆ ಜಾಗವಿಲ್ಲದಿರುವುದು ಎಂಬ ನಾಲ್ಕು ಶರತ್ತುಗಳೂ ಆ ಒಂದು ಗಳಿಗೆಗಾಗಿ ಮಾಡಿಕೊಂಡ ಸಿದ್ಧತೆ.

ಈಗ ಆ ಕಾರ್ಖಾನೆಗೇ ಹೋಗೋಣ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಂದು ಮಷಿನ್ ಶಾಪ್ ಎಂದಿಟ್ಟುಕೊಳ್ಳಿ. ಎರಡನೆಯ ಪಾಳಿ, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು. ಲೇತ್ ಆಪರೇಟರ್‌ಗೂ ಸೂಪರ್‌ವೈಸರ್‌ಗೂ ಜಗಳವಾಗಿದೆ, ಸೂಪರ್‌ವೈಸರ್ ಕೆಳಗೆ ಬಿದ್ದು ಮೊಣಕೈಗೆ ಪೆಟ್ಟಾಗಿದೆ. ಆಗ ಹತ್ತಿರದಲ್ಲಿದ್ದವನು ಒಬ್ಬ ಹೆಲ್ಪರ್. ಪ್ರಕರಣ ಕಾಲ್ಪನಿಕ, ಆದರೆ ಇಂಥವು ನಡೆಯುತ್ತಲೇ ಇರುತ್ತವೆ.

ಹೇಳಿಕೆ ಪಡೆಯುವವರ ಮೊದಲ ಕೆಲಸ ಸುಮ್ಮನಿರುವುದು. “ಅವತ್ತು ನೀನು ಪಾಳಿಗೆ ಬಂದಲ್ಲಿಂದ ಏನೇನಾಯ್ತು ಹೇಳು” ಎಂದು ಕೇಳಿ, ಅವನು ಮುಗಿಸುವ ತನಕ ಬಾಯಿ ಹಾಕಬಾರದು. “ಅವನು ಎಷ್ಟು ಜೋರಾಗಿ ತಳ್ಳಿದ?” ಎಂದು ಕೇಳಿದಿರೋ, ತಳ್ಳಿದ ಎಂಬುದನ್ನು ನೀವೇ ಅವನ ನೆನಪಿನೊಳಗೆ ಇಟ್ಟಂತಾಯಿತು. ಇದು ಬರೀ ಅನುಮಾನದ ಮಾತಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕಾರುಗಳು ‘ತಾಗಿದಾಗ’ ಎಷ್ಟು ವೇಗವಿತ್ತು ಎಂದು ಒಂದು ಗುಂಪನ್ನು ಕೇಳಿದರೆ, ‘ಅಪ್ಪಳಿಸಿದಾಗ’ ಎಷ್ಟು ವೇಗವಿತ್ತು ಎಂದು ಇನ್ನೊಂದು ಗುಂಪನ್ನು ಕೇಳಿದರು. ವಾರದ ಬಳಿಕ, ಗಾಜು ಒಡೆದದ್ದನ್ನು ಕಂಡಿರಾ ಎಂದು ಎಲ್ಲರಿಗೂ ಕೇಳಿದಾಗ ಮೊದಲ ಗುಂಪಿನ ಐವತ್ತು ಮಂದಿಯಲ್ಲಿ 7 ಜನ ಹೌದೆಂದರೆ, ಎರಡನೆಯ ಗುಂಪಿನ ಐವತ್ತು ಮಂದಿಯಲ್ಲಿ 16 ಜನ ಹೌದೆಂದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ, ಕಂಡೆವೆಂದೇ ನಂಬಿದ್ದರು. ಪ್ರಶ್ನೆಯ ಒಂದು ಪದ ಇಷ್ಟು ಮಾಡುವುದಾದರೆ, ಸಂಬಳ ಕೊಡುವ ಕಂಪನಿಯ ಮ್ಯಾನೇಜರ್ ಬಾಗಿಲು ಹಾಕಿಕೊಂಡು ಕೇಳಿದ ಪ್ರಶ್ನೆ ಏನೆಲ್ಲ ಮಾಡೀತು!

ನಮ್ಮ ಹೆಲ್ಪರ್ ಹೇಳಲು ಶುರುಮಾಡುವುದು ಮೊದಲಿನಿಂದಲ್ಲ. ಯಾರೂ ಹಾಗೆ ಹೇಳುವುದಿಲ್ಲ. ‘ಸಾರ್ ಕೆಳಗೆ ಕೂತಿದ್ರು’ ಎಂಬುದೇ ಅವನ ಮೊದಲ ಮಾತು, ಏಕೆಂದರೆ ಅವನ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಆ ನೋಟ. ಆಮೇಲೆ ಜಗಳದ ಮಾತಿಗೆ ಹಿಂದಕ್ಕೆ ಹೋಗುತ್ತಾನೆ, ಅಲ್ಲಿಂದ ಮರುದಿನದ ಕ್ಯಾಂಟೀನಿಗೆ ಜಿಗಿಯುತ್ತಾನೆ, ಮತ್ತೆ ಟೀ ವಿರಾಮಕ್ಕೆ ಬರುತ್ತಾನೆ. ಹೀಗೆ ಹೇಳುವಾಗ ‘ಕ್ರಮವಾಗಿ ಹೇಳಯ್ಯ’ ಎಂದು ಗದರಿದರೆ, ಕ್ರಮಕ್ಕೆ ಹೊಂದದ ಸಂಗತಿಗಳನ್ನು ಅವನು ನುಂಗಿಕೊಳ್ಳುತ್ತಾನೆ, ಇಲ್ಲವೇ ನಡುವಿನ ಖಾಲಿಯನ್ನು ಊಹೆಯಿಂದ ತುಂಬುತ್ತಾನೆ. ನೆನಪು ಬಂದ ಹಾಗೆ ಅವನು ಹೇಳಲಿ. ಕಾಲಕ್ರಮಕ್ಕೆ ತರುವುದು ಬರೆಯುವ ಹೊತ್ತಿನ ಕೆಲಸ. ಅವನನ್ನು ಜೊತೆಗೆ ಕೂರಿಸಿಕೊಂಡು ‘ಇದು ಬೆಲ್ ಆಗೋಕೆ ಮುಂಚೆನೋ ಆಮೇಲೋ?’ ಎಂದು ಕೇಳುತ್ತ ಜೋಡಿಸಬೇಕು. ಗಡಿಯಾರ ನೋಡದವನಿಂದ ‘ಸಂಜೆ 6:47’ ಎಂದು ಬರೆಸಬಾರದು. ಆದರೆ ಬೆಲ್ಲು, ಪಾಳಿ ಬದಲು, ಕಂಪನಿ ಬಸ್ಸು ಹೊರಟದ್ದು, ಕರೆಂಟು ಹೋದದ್ದು, ಇವು ಎಲ್ಲರ ನೆನಪಿನಲ್ಲೂ ಒಂದೇ ಕಡೆ ನೆಟ್ಟ ಗೂಟಗಳು. ಅವಕ್ಕೆ ಕಟ್ಟಿದರೆ ಕಾಲ ತಾನಾಗಿ ನಿಲ್ಲುತ್ತದೆ.

ಹೀಗೆ ಕೂತು ಬರೆದ ಹೇಳಿಕೆ ಕೊನೆಗೆ ಹೆಚ್ಚುಕಡಿಮೆ ಹೀಗಿರುತ್ತದೆ. ನಿಜವಾದ ಕಾಗದದಲ್ಲಿ ಎಲ್ಲರ ಪೂರ್ತಿ ಹೆಸರೂ ಟೋಕನ್ ನಂಬರೂ ಇರಬೇಕು, ಇಲ್ಲಿ ಹುದ್ದೆಯಷ್ಟೇ ಸಾಕು.

“1. ನಾನು ಮಷಿನ್ ಶಾಪಿನಲ್ಲಿ ಹೆಲ್ಪರ್. ಅವತ್ತು ನನಗೆ ಎರಡನೇ ಪಾಳಿ. ಆಪರೇಟರ್ ಮತ್ತು ಸೂಪರ್‌ವೈಸರ್ ಇಬ್ಬರ ಜೊತೆಗೂ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ.

2. ಟೀ ವಿರಾಮ ಮುಗಿದ ಬೆಲ್ ಆದ ಮೇಲೆ ನಾನು ನಾಲ್ಕನೇ ಲೇತ್ ಹತ್ತಿರ ಚಿಪ್ಸ್ ಬಾಚಿ ಟ್ರಾಲಿಗೆ ತುಂಬುತ್ತಿದ್ದೆ. ಆಪರೇಟರ್ ಐದನೇ ಲೇತ್ ಮುಂದೆ ನಿಂತಿದ್ದರು. ನನಗೂ ಅವರಿಗೂ ಸುಮಾರು ಹತ್ತು ಹೆಜ್ಜೆ ದೂರ. ನಡುವೆ ಏನೂ ಅಡ್ಡ ಇರಲಿಲ್ಲ.

3. ಸೂಪರ್‌ವೈಸರ್ ಆಫೀಸಿನ ಕಡೆಯಿಂದ ಬಂದು ಆಪರೇಟರ್ ಜೊತೆ ಮಾತನಾಡಿದರು. ನಾಲ್ಕನೇ ಲೇತ್ ಓಡುತ್ತಿದ್ದರಿಂದ ಮೊದಲಿನ ಮಾತು ನನಗೆ ಕೇಳಿಸಲಿಲ್ಲ. ಆಮೇಲೆ ಸೂಪರ್‌ವೈಸರ್ ಜೋರಾಗಿ ‘ಇವತ್ತು ಆ ಜಾಬ್ ಮುಗಿಸೇ ಹೋಗ್ಬೇಕು’ ಅಂದರು. ಆಪರೇಟರ್ ‘ಇನ್ಸರ್ಟ್ ಕೊಡದೆ ಹೆಂಗ್ ಮುಗಿಸ್ಲಿ? ಬೇಕಾದ್ರೆ ನೀನೇ ಬಂದು ಓಡ್ಸು’ ಅಂದರು.

4. ನಾನು ಬಗ್ಗಿ ಟ್ರಾಲಿ ಎಳೆಯುತ್ತಿದ್ದೆ. ಕಬ್ಬಿಣದ ಸಾಮಾನು ಬಿದ್ದ ಸದ್ದು ಕೇಳಿ ತಲೆ ಎತ್ತಿದೆ. ಸೂಪರ್‌ವೈಸರ್ ನೆಲದ ಮೇಲೆ ಕೂತಿದ್ದರು, ಬಲಗೈಯಿಂದ ಎಡ ಮೊಣಕೈ ಹಿಡಿದುಕೊಂಡಿದ್ದರು. ಆಪರೇಟರ್ ಅವರ ಎದುರಿಗೆ ನಿಂತಿದ್ದರು. ಅವರು ಹೇಗೆ ಬಿದ್ದರು ಎಂಬುದನ್ನು ನಾನು ನೋಡಲಿಲ್ಲ.

5. ನಾನು ಹೋಗಿ ಸೂಪರ್‌ವೈಸರ್ ಅವರನ್ನು ಎಬ್ಬಿಸಿದೆ. ಅಲ್ಲಿ ನೆಲದ ಮೇಲೆ ಕೂಲಂಟ್ ಚೆಲ್ಲಿತ್ತು, ನನ್ನ ಪ್ಯಾಂಟಿನ ಮಂಡಿಗೆ ಹತ್ತಿತು. ಆಗ ಆಪರೇಟರ್ ನನ್ನಿಂದ ಒಂದು ಮಾರು ದೂರದಲ್ಲಿದ್ದರು. ಅವರಿಂದ ಮದ್ಯದ ವಾಸನೆ ಬಂತೇ ಎಂದು ಈಗ ನನ್ನನ್ನು ಕೇಳಿದ್ದಾರೆ. ನನಗೆ ಯಾವ ವಾಸನೆಯೂ ಗೊತ್ತಾಗಲಿಲ್ಲ.

6. ಮರುದಿನ ಕ್ಯಾಂಟೀನಿನಲ್ಲಿ ಆರನೇ ಲೇತ್‌ನ ಆಪರೇಟರ್ ‘ಅವನೇ ತಳ್ಳಿದ, ನಾನ್ ನೋಡ್ದೆ’ ಎಂದು ನನಗೆ ಹೇಳಿದರು.”

ಮೊದಲ ವಾಕ್ಯದ ಮುಂದೆ ಇದು ಆಡಳಿತದವರಿಗೆ ಸಪ್ಪೆಯಾಗಿ ಕಾಣುತ್ತದೆ. ‘ಹಲ್ಲೆ’ಯೇ ಮಾಯವಾಯಿತಲ್ಲ ಎನ್ನುತ್ತಾರೆ. ಮಾಯವಾಗಿಲ್ಲ, ಈ ಸಾಕ್ಷಿಯ ಬಳಿ ಅದು ಇರಲೇ ಇಲ್ಲ. ಅದು ಯಾರ ಬಳಿ ಇದೆ ಎಂಬುದನ್ನು ಆರನೆಯ ಪರಿಚ್ಛೇದ ತೋರಿಸುತ್ತಿದೆ: ಆರನೇ ಲೇತ್‌ನವನನ್ನು ಕರೆಯಿರಿ, ಅವನ ಹೇಳಿಕೆ ಅವನಿಂದಲೇ ಪಡೆಯಿರಿ. 1872ರ ಸಾಕ್ಷ್ಯ ಕಾಯ್ದೆ ತನ್ನ 60ನೇ ಕಲಂನಲ್ಲಿ ಹೇಳಿದ್ದು ಇದನ್ನೇ. ಕಂಡದ್ದನ್ನು ಕಂಡವನೇ ಹೇಳಬೇಕು, ಕೇಳಿದ್ದನ್ನು ಕೇಳಿದವನೇ ಹೇಳಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಉಳಿಸಿಕೊಂಡಿದೆ. ಇಲಾಖಾ ವಿಚಾರಣೆಗೆ ಇದು ಕಡ್ಡಾಯವಲ್ಲದಿದ್ದರೂ, ನೇರ ಸಾಕ್ಷಿ ಪಕ್ಕದ ಲೇತ್‌ನಲ್ಲೇ ಇರುವಾಗ ಅವನನ್ನು ಬಿಟ್ಟು ಅವನ ಮಾತನ್ನು ಇನ್ನೊಬ್ಬನಿಂದ ಹೇಳಿಸುವ ವಿಚಾರಣಾಧಿಕಾರಿಯನ್ನು ಯಾರು ನಂಬುತ್ತಾರೆ?

ಆಡುಮಾತಿನಲ್ಲಿ ನಮ್ಮವರು ಈ ವಿಷಯದಲ್ಲಿ ಎಚ್ಚರದವರೇ. ‘ತಳ್ಳಿದ್ನಂತೆ’ ಎನ್ನುತ್ತಾರೆ, ತಾನು ಕಂಡಿಲ್ಲ ಎಂಬುದು ಅಷ್ಟರಲ್ಲೇ ಕೇಳುವವನಿಗೆ ತಿಳಿಯುತ್ತದೆ. ಅದು ಕಾಗದಕ್ಕೆ ಇಳಿಯುವಾಗ ‘ತಳ್ಳಿರುತ್ತಾರೆ’ ಆಗಿಬಿಡುತ್ತದೆ. ಬರೆಯುವವರು ಆ ‘ಅಂತೆ’ಯನ್ನು ಭಾಷೆಯ ಒರಟುತನವೆಂದು ತಿದ್ದುತ್ತಾರೆ, ಆ ತಿದ್ದುಪಡಿಯಲ್ಲಿ ಗಾಳಿಮಾತು ಕಣ್ಣಾರೆ ಕಂಡದ್ದಾಗಿ ಹೋಗುತ್ತದೆ.

ಮೂರನೆಯ ಪರಿಚ್ಛೇದದ ಬೈಗುಳಕ್ಕೆ ಬನ್ನಿ. ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂಬುದು ನಮ್ಮ ಠಾಣೆ, ಕಚೇರಿಗಳ ಸಿದ್ಧ ಅಚ್ಚು. ಇಲ್ಲಿ ಆಡಿದ್ದು ‘ನೀನೇ ಬಂದು ಓಡ್ಸು’ ಎಂಬ ಮಾತು. ಮೇಲಿನವರನ್ನು ಏಕವಚನದಲ್ಲಿ ಕರೆದದ್ದು ಅವಿಧೇಯತೆಯೇ, ಅಥವಾ ಆ ಶಾಪಿನಲ್ಲಿ ಎಲ್ಲರೂ ಎಲ್ಲರನ್ನೂ ಹಾಗೆಯೇ ಕರೆಯುತ್ತಾರೆಯೇ? ಅದನ್ನು ನಿರ್ಧರಿಸಬೇಕಾದವರು ವಿಚಾರಣಾಧಿಕಾರಿ. ಅವರಿಗೆ ಆ ‘ನೀನು’ ಬೇಕು. ನಿಜವಾಗಿಯೂ ಬಾಯಲ್ಲಿ ಹೇಳಲಾಗದ ಬೈಗುಳವಾಗಿದ್ದರೆ ಅದನ್ನೂ ಹಾಗೆಯೇ ಬರೆಯಬೇಕು. ಸಾಕ್ಷಿಗೆ ನಾಚಿಕೆಯಾದರೆ ಅವನ ಕೈಗೆ ಪೆನ್ನು ಕೊಡಿ, ಅವನೇ ಬರೆಯಲಿ. ಮಾತು ಪೂರ್ತಿ ನೆನಪಿಲ್ಲದಿದ್ದರೆ ‘ಸರಿಯಾದ ಪದ ನೆನಪಿಲ್ಲ, ತಾಯಿಯನ್ನು ಹಿಡಿದು ಬೈದರು’ ಎಂದಾದರೂ ಇರಲಿ.

ಇನ್ಸರ್ಟ್ ವಿಷಯವೂ ಆ ಪರಿಚ್ಛೇದದಲ್ಲೇ ಇದೆ. ಲೇತ್‌ನಲ್ಲಿ ಲೋಹ ಕತ್ತರಿಸುವ ಆ ಸಣ್ಣ ತುಣುಕು ಸವೆದರೆ ಬದಲಿಸಲೇಬೇಕು, ಸ್ಟೋರಿನವರು ಕೊಡಬೇಕು. ‘ಆದೇಶವನ್ನು ಧಿಕ್ಕರಿಸಿ’ ಎಂಬ ಎರಡು ಪದಗಳಲ್ಲಿ ಅದು ಅಳಿಸಿಹೋಗಿತ್ತು. ಈಗ ಸ್ಟೋರಿನ ಇಶ್ಯೂ ರಿಜಿಸ್ಟರ್ ತರಿಸಿ, ಆ ಪಾಳಿಯಲ್ಲಿ ಐದನೇ ಲೇತ್‌ಗೆ ಇನ್ಸರ್ಟ್ ಕೊಟ್ಟಿದ್ದರೇ ಎಂದು ನೋಡಬಹುದು. ಕೂಲಂಟ್ ಚೆಲ್ಲಿದ್ದೂ ಹಾಗೆಯೇ. ತಳ್ಳಿದ್ದಕ್ಕೆ ಬಿದ್ದರೋ, ಜಾರಿ ಬಿದ್ದರೋ, ತಳ್ಳಿದಾಗ ಜಾರಿದರೋ, ಮೂರೂ ಸಾಧ್ಯ. ಹೆಲ್ಪರ್‌ಗೆ ಕೂಲಂಟ್ ಮುಖ್ಯವೆಂದು ಹೊಳೆದಿರಲಿಲ್ಲ, ಪ್ಯಾಂಟು ಹಾಳಾಯಿತೆಂಬ ಬೇಸರದಲ್ಲಿ ಹೇಳಿದ. ಅವನು ಕಂಡದ್ದನ್ನಷ್ಟೇ ಬರೆದುಕೊಂಡಿದ್ದರಿಂದ ಅದು ಉಳಿಯಿತು.

ಐದನೆಯದರಲ್ಲಿ ಕುಡಿತದ ಮಾತು. ‘ಕುಡಿದಿದ್ದ’ ಎಂಬುದು ಅಭಿಪ್ರಾಯ. ವಾಸನೆ, ತೊದಲುವ ಮಾತು, ನಿಲ್ಲಲಾಗದೆ ಮಷಿನ್ ಹಿಡಿದುಕೊಂಡದ್ದು, ಇವು ಸಂಗತಿಗಳು. ಕಂಡದ್ದಿದ್ದರೆ ಎಷ್ಟು ದೂರದಿಂದ ಕಂಡದ್ದು ಎಂಬುದರ ಸಮೇತ ಬರೆಯಬೇಕು. ‘ನನಗೆ ಗೊತ್ತಾಗಲಿಲ್ಲ’ ಎಂಬ ಉತ್ತರ ಬಂದರೆ ಅದನ್ನೂ ಬರೆಯಬೇಕು. ಅನುಕೂಲವಾದದ್ದನ್ನು ಮಾತ್ರ ಬರೆದು ಉಳಿದದ್ದನ್ನು ಬಿಡುವುದು ಎಲ್ಲ ಕಡೆ ನಡೆಯುವ ಮೋಸ, ಅದು ಸಿಕ್ಕಿಬೀಳುವುದೂ ಸುಲಭ. ಪಾಟಿ ಸವಾಲಿನಲ್ಲಿ “ವಾಸನೆ ಬರಲಿಲ್ಲ ಅಂತ ನೀನು ಹೇಳಿದ್ದೆಯಾ?” ಎಂದು ಕೇಳಿ, ಅವನು ಹೌದೆಂದರೆ, ಹೇಳಿಕೆ ಬರೆದವರೇ ಕಟಕಟೆಗೆ ಬರುತ್ತಾರೆ.

‘ಅಭಿಪ್ರಾಯ ಬೇಡ’ ಎಂಬುದನ್ನು ಅತಿಗೆ ಎಳೆಯುವವರೂ ಇದ್ದಾರೆ. ‘ಸುಮಾರು ಹತ್ತು ಹೆಜ್ಜೆ’ ಎಂಬುದೂ ಅಂದಾಜೇ ಅಲ್ಲವೇ ಎಂದು ತೆಗೆದುಹಾಕುತ್ತಾರೆ. ದೂರ, ವಯಸ್ಸು, ದನಿಯ ಏರಿಳಿತ, ಇಂಥ ಅಂದಾಜುಗಳಿಲ್ಲದೆ ಮನುಷ್ಯನಿಗೆ ಮಾತನಾಡುವುದೇ ಆಗದು. ‘ಸುಮಾರು’ ಎಂದು ಬರೆದು ಬಿಡಬೇಕು. ಇನ್ನೂ ಮುಖ್ಯವಾದದ್ದು, ಸಾಕ್ಷಿಯ ಸ್ವಂತ ಅನುಭವ. ‘ಅವರ ಉದ್ದೇಶ ಕೆಟ್ಟದ್ದಾಗಿತ್ತು’ ಎಂದರೆ ಇನ್ನೊಬ್ಬರ ಮನಸ್ಸನ್ನು ಓದಿದಂತೆ. ‘ನನಗೆ ಭಯವಾಯಿತು, ಬಾಗಿಲ ಕಡೆಗೆ ಸರಿದೆ’ ಎಂದರೆ ಅದು ತನ್ನದೇ ಸಂಗತಿ, ತಾನೇ ಬಲ್ಲ ಸಂಗತಿ. ಉದ್ಯೋಗ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಆಂತರಿಕ ಸಮಿತಿ ನಡೆಸುವ ವಿಚಾರಣೆಗಳಲ್ಲಿ ಈ ವ್ಯತ್ಯಾಸವೇ ನಿರ್ಣಾಯಕ. ಆ ಕಾಯ್ದೆಯ ವ್ಯಾಖ್ಯೆ ಕೇಳುವುದು ನಡವಳಿಕೆ ಆಕೆಗೆ ಬೇಡವಾದದ್ದಾಗಿತ್ತೇ ಎಂದು. ಹಾಗಿರುವಾಗ ‘ನನಗೆ ಅಸಹ್ಯವೆನಿಸಿತು, ಕೈ ಎಳೆದುಕೊಂಡೆ, ಆಮೇಲೆ ಆ ಕ್ಯಾಬಿನ್ನಿಗೆ ಒಬ್ಬಳೇ ಹೋಗಲಿಲ್ಲ’ ಎಂಬ ಮಾತನ್ನು ಅಭಿಪ್ರಾಯವೆಂದು ಹೊಡೆದುಹಾಕುವ ಸಮಿತಿ ತನಗೆ ಬೇಕಾದ ಸಾಕ್ಷ್ಯವನ್ನೇ ಕಳೆದುಕೊಳ್ಳುತ್ತದೆ.

‘ನಾನು’ ಎಂದು ಬರೆಯುವುದು ಕೇಳಲು ಬಲು ಸುಲಭ. ಆದರೆ ಕಚೇರಿಯ ಕನ್ನಡಕ್ಕೆ ‘ನಾನು’ ಎಂದರೆ ಆಗದು. ‘ಗಮನಿಸಲಾಯಿತು’, ‘ತಿಳಿದುಬಂದಿರುತ್ತದೆ’, ‘ಕಂಡುಬಂದಿರುತ್ತದೆ’ ಎಂದೇ ಬರೆಯುತ್ತದೆ. ಯಾರು ಗಮನಿಸಿದ್ದು, ಯಾರಿಗೆ ತಿಳಿದದ್ದು? ‘ನಾವೆಲ್ಲರೂ ನೋಡಿದೆವು’ ಎಂಬುದೂ ಅಷ್ಟೇ ಜೊಳ್ಳು. ಒಬ್ಬ ಸಾಕ್ಷಿ ಇನ್ನೊಬ್ಬನ ಕಣ್ಣಿಗೆ ಜಾಮೀನು ನಿಲ್ಲಲಾರ. ಮೂವರು ಕಂಡಿದ್ದರೆ ಮೂರು ಹೇಳಿಕೆ ಬೇಕು, ಅದೂ ಬೇರೆಬೇರೆಯಾಗಿ ಕೂರಿಸಿ ಪಡೆದದ್ದು. ಮೂರೂ ಹೇಳಿಕೆಗಳಲ್ಲಿ ಒಂದೇ ವಾಕ್ಯ, ಒಂದೇ ಅಲ್ಪವಿರಾಮ, ಒಂದೇ ಕಾಗುಣಿತದ ತಪ್ಪು ಇರುವ ಕಡತಗಳನ್ನು ನೋಡಿದ್ದೇನೆ. ಅಂಥ ಕಡತದಲ್ಲಿರುವುದು ಒಂದೇ ಹೇಳಿಕೆ, ಅದಕ್ಕೆ ಮೂರು ಸಹಿ. ನಿಜವಾದ ಮೂರು ಹೇಳಿಕೆಗಳು ಚಿಕ್ಕಪುಟ್ಟದರಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಒಬ್ಬ ಎಡ ಮೊಣಕೈ ಎಂದರೆ ಇನ್ನೊಬ್ಬ ಬಲ ಎನ್ನುತ್ತಾನೆ. ಅದನ್ನು ಸರಿಪಡಿಸಲು ಹೋಗಬಾರದು, ಯಾವುದೆಂದು ಡಾಕ್ಟರ ಚೀಟಿ ಹೇಳುತ್ತದೆ.

ಬೆಂಗಳೂರಿನ ಕಾರ್ಖಾನೆಗಳಲ್ಲಿ ಈಗ ಇನ್ನೊಂದು ತೊಡಕಿದೆ. ಹೆಲ್ಪರ್‌ಗಳಲ್ಲಿ ಅನೇಕರು ಒಡಿಶಾ, ಬಿಹಾರ, ಅಸ್ಸಾಂ ಕಡೆಯವರು. ಅವನು ಹಿಂದಿಯಲ್ಲಿ ಹೇಳುತ್ತಾನೆ, ಇನ್ನೊಬ್ಬರು ಕನ್ನಡದಲ್ಲಿ ವಿವರಿಸುತ್ತಾರೆ, ಎಚ್.ಆರ್.ನವರು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾರೆ. ಮೂರು ಬಾಯಿ ದಾಟಿ ಬಂದ ‘ನಾನು’ ಯಾರ ನಾನು? ಸಾಕ್ಷಿ ಆಡಿದ ಭಾಷೆಯಲ್ಲೇ ಮೊದಲು ಬರೆಯುವುದು ಲೇಸು. ಅದು ಆಗದಿದ್ದರೆ ಅನುವಾದ ಮಾಡಿದವರ ಹೆಸರು, ಸಹಿ ಎರಡೂ ಕಾಗದದಲ್ಲಿರಬೇಕು, ಸಾಕ್ಷಿಗೆ ಅವನ ಭಾಷೆಯಲ್ಲಿ ಓದಿ ಹೇಳಿದ್ದೇವೆಂಬ ಮಾತು ಕೊನೆಗೆ ಬರಬೇಕು.

ಉಳಿದವು ಸಣ್ಣವು, ಆದರೆ ಪ್ರಕರಣ ಬೀಳುವುದು ಎಷ್ಟೋ ಸಲ ಇವುಗಳಿಂದಲೇ. ಹೇಳಿಕೆ ಪಡೆದ ದಿನ, ಹೊತ್ತು, ಜಾಗ, ಆಗ ಕೋಣೆಯಲ್ಲಿದ್ದವರ ಹೆಸರು ಬರೆಯಬೇಕು. ಘಟನೆಯಾಗಿ ಹತ್ತು ದಿನ ಕಳೆದಿದ್ದರೆ ಹತ್ತು ದಿನ ಕಳೆದಿದೆ ಎಂದೇ ಇರಬೇಕು, ಹಿಂದಿನ ತಾರೀಕು ಹಾಕಿದ ಕಾಗದ ಒಂದು ಹಾಜರಿ ಪುಸ್ತಕದ ಎದುರು ನಿಲ್ಲದು. ಪ್ರತಿ ಪುಟಕ್ಕೂ ಸಾಕ್ಷಿಯ ಸಹಿ ಬೇಕು. ತಪ್ಪಾದ ಪದಕ್ಕೆ ವೈಟ್ನರ್ ಬಳಿಯದೆ, ಓದಲು ಬರುವಂತೆ ಒಂದು ಗೀಟು ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿಸಬೇಕು. ವಾರದ ಮೇಲೆ ಸಾಕ್ಷಿಗೆ ಮತ್ತೇನೋ ನೆನಪಾದರೆ ಹಳೆಯದನ್ನು ಹರಿದು ಹೊಸದು ಬರೆಯುವುದಲ್ಲ, ‘ಹೆಚ್ಚುವರಿ ಹೇಳಿಕೆ’ ಎಂದು ಅಂದಿನ ತಾರೀಕಿನಲ್ಲಿ ಬೇರೆಯೇ ಕಾಗದ ಮಾಡಬೇಕು. ನೆನಪು ಯಾವಾಗ ಬಂತು ಎಂಬುದೂ ಒಂದು ಸಂಗತಿಯೇ.

ಇಷ್ಟೆಲ್ಲ ಮಾಡಿದರೂ ಹೇಳಿಕೆ ನಿಜವೆಂಬ ಖಾತ್ರಿಯಿಲ್ಲ. ಚೆನ್ನಾಗಿ ಕಲಿತ ಸುಳ್ಳುಗಾರ ಕಾಲಕ್ರಮವಾಗಿ, ‘ನಾನು’ ಎಂದೇ, ಒಂದೂ ಅಭಿಪ್ರಾಯವಿಲ್ಲದೆ ಸುಳ್ಳು ಹೇಳಬಲ್ಲ. ಆದರೆ ಎಲ್ಲಿ ನಿಂತಿದ್ದೆ, ಯಾವ ಮಷಿನ್ ಓಡುತ್ತಿತ್ತು, ಯಾವ ಬೆಲ್ ಆಗಿತ್ತು ಎಂದು ಬರೆದುಕೊಟ್ಟ ಸುಳ್ಳನ್ನು ಪರೀಕ್ಷಿಸಬಹುದು. ಪ್ರೊಡಕ್ಷನ್ ಲಾಗ್‌ನಲ್ಲಿ ನಾಲ್ಕನೇ ಲೇತ್ ಅವತ್ತು ರಿಪೇರಿಯಲ್ಲಿತ್ತು ಎಂದು ಸಿಕ್ಕರೆ ಸಾಕು. ‘ಉದ್ದೇಶಪೂರ್ವಕವಾಗಿ ಶಿಸ್ತಿಗೆ ಭಂಗ ತಂದಿರುತ್ತಾರೆ’ ಎಂಬುದನ್ನು ಯಾವ ಲಾಗ್ ಬುಕ್ಕಿನಲ್ಲಿ ಹುಡುಕುವುದು?

ಕೊನೆಯ ಮಾತು ಸಹಿ ಹಾಕುವವರಿಗೆ. ಒಂದು ದಿನ ನಿಮ್ಮನ್ನೂ ಆಫೀಸಿಗೆ ಕರೆದು ಟೈಪ್ ಮಾಡಿದ ಹಾಳೆಯೊಂದನ್ನು ಮುಂದೆ ಸರಿಸಬಹುದು. ಕೂತು ಪೂರ್ತಿ ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ನೀವು ಕಾಣದ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ. ನೀವು ಕಂಡದ್ದು ಬಿಟ್ಟುಹೋಗಿದ್ದರೆ ಕೆಳಗೆ ನಿಮ್ಮ ಕೈಯಲ್ಲೇ ಬರೆಯಿರಿ. ಆಮೇಲೆ ಸಹಿ ಹಾಕಿ, ಒಂದು ಪ್ರತಿ ಕೇಳಿ ಪಡೆಯಿರಿ. ಅದಕ್ಕೆ ಒಪ್ಪದಿದ್ದರೆ ಸಹಿ ಹಾಕಬೇಡಿ.